ಅಳಿಸಿಹೋದದ್ದು ಮರಳಿ ಬರುವ ಬಗೆ: ಕಂಪ್ಯೂಟರಿನ ನಾಲ್ಕು ಕೀಲಿಜೋಡಿಗಳು

ಕಂಪ್ಯೂಟರಿನಲ್ಲಿ ಈಗಷ್ಟೇ ಮಾಡಿದ ಕೆಲಸವನ್ನು ರದ್ದು ಮಾಡಿ ಅದರ ಹಿಂದಿನ ಸ್ಥಿತಿಗೆ ಮರಳಲು ಒತ್ತಬೇಕಾದ ಕೀಲಿಜೋಡಿ Ctrl+Z. ಇದಕ್ಕೆ ಅನ್‌ಡೂ ಎನ್ನುತ್ತಾರೆ. ಹೀಗೆ ರದ್ದು ಮಾಡಿದ್ದೇ ತಪ್ಪಾಯಿತು ಎನಿಸಿದರೆ ಅದನ್ನು ಮತ್ತೆ ಜಾರಿಗೆ ತರುವುದು Ctrl+Y, ಅಂದರೆ ರೀಡೂ. ಕಡತದಲ್ಲಿರುವುದನ್ನೆಲ್ಲ ಒಂದೇ ಸಲಕ್ಕೆ ಆಯ್ಕೆ ಮಾಡುವುದು Ctrl+A. ಒಂದು ಪದ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವುದು Ctrl+F. ಪತ್ರ ಬರೆಯುವ ವರ್ಡ್, ಲೆಕ್ಕ ಇಡುವ ಎಕ್ಸೆಲ್, ಉಚಿತವಾಗಿ ಸಿಗುವ ಲಿಬ್ರೆ ಆಫೀಸ್, ಜಾಲತಾಣ ತೆರೆಯುವ ಬ್ರೌಸರ್ ಎಲ್ಲದರಲ್ಲೂ ಈ ನಾಲ್ಕು ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತವೆ. ಮೊದಲ ಸಲ ಕಂಪ್ಯೂಟರ್ ಮುಂದೆ ಕೂತವರು ಇವುಗಳಲ್ಲಿ ಅನ್‌ಡೂವನ್ನೇ ಮೊದಲು ಕಲಿಯುವುದು ಒಳ್ಳೆಯದು. ಉಳಿದ ಮೂರನ್ನು ಕಲಿಯುವಾಗ ಆಗುವ ಹೆಚ್ಚಿನ ಎಡವಟ್ಟುಗಳಿಗೆ ಪರಿಹಾರ ಅದರಲ್ಲಿದೆ.

ಕೀಲಿಗಳನ್ನು ಒತ್ತುವ ಕ್ರಮದಲ್ಲೇ ಅನೇಕರು ತಪ್ಪುತ್ತಾರೆ. Ctrl ಎಂದು ಬರೆದಿರುವ ಕೀಲಿ ಕೀಲಿಮಣೆಯ ಕೆಳಸಾಲಿನ ಎಡತುದಿಯಲ್ಲಿರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಮೂಲೆಯಲ್ಲಿ Fn ಇದ್ದು, Ctrl ಅದರ ಪಕ್ಕಕ್ಕೆ ಸರಿದಿರುತ್ತದೆ. ಎಡಗೈಯ ಕಿರುಬೆರಳಿನಿಂದ Ctrl ಅನ್ನು ಮೊದಲು ಒತ್ತಿ, ಬಿಡದೆ ಹಿಡಿದುಕೊಂಡು, ಇನ್ನೊಂದು ಬೆರಳಿನಿಂದ Z ಅನ್ನು ಒಮ್ಮೆ ಮಾತ್ರ ಮೆಲ್ಲನೆ ತಟ್ಟಿ, ಆಮೇಲೆ ಎರಡನ್ನೂ ಬಿಡಬೇಕು. ಎರಡನ್ನೂ ಒಟ್ಟಿಗೆ ಒತ್ತಲು ಹೋದರೆ Z ಮೊದಲೇ ತಾಗಿ, ಬರಹದ ನಡುವೆ ಆ ಕೀಲಿಯ ಅಕ್ಷರವೊಂದು ಬಂದು ಕೂರುತ್ತದೆ. ಅಂಥ ಅಕ್ಷರ ಕಂಡರೆ Ctrl ಸರಿಯಾಗಿ ಒತ್ತಿಲ್ಲ ಎಂದೇ ಅರ್ಥ. Z ಅನ್ನು ಒತ್ತಿಯೇ ಹಿಡಿದರೆ ಅನ್‌ಡೂ ಒಂದರ ಹಿಂದೆ ಒಂದು ನಡೆಯುತ್ತಲೇ ಹೋಗಿ, ಬೇಕಾದ ಬರಹವೂ ಮಾಯವಾಗಬಹುದು. ಕನ್ನಡದಲ್ಲಿ ಟೈಪ್ ಮಾಡುತ್ತಿರುವಾಗ ಈ ಕೀಲಿಗಳಿಗಾಗಿ ಇಂಗ್ಲಿಷಿಗೆ ಬದಲಾಯಿಸಿಕೊಳ್ಳುವ ಅಗತ್ಯವಿಲ್ಲ. Z ಎಂದು ಅಚ್ಚಾಗಿರುವ ಕೀಲಿಯನ್ನೇ Ctrl ಜೊತೆ ಒತ್ತಿದರಾಯಿತು. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ Ctrl ಬದಲು ಸ್ಪೇಸ್‌ಬಾರ್ ಪಕ್ಕದ ಕಮಾಂಡ್ ಕೀಲಿಯನ್ನು ಬಳಸಬೇಕು.

ಅನ್‌ಡೂಗೆ Z ಅಕ್ಷರವೇ ಏಕೆ ಎಂಬ ಪ್ರಶ್ನೆ ಹೊಸಬರಿಗೆ ಸಹಜವಾಗಿ ಬರುತ್ತದೆ. ಸೆಲೆಕ್ಟ್ ಆಲ್‌ನ A, ಫೈಂಡ್‌ನ F ಆಯಾ ಇಂಗ್ಲಿಷ್ ಹೆಸರುಗಳಿಂದ ಬಂದವು. Z ಬಂದದ್ದು ಇರುವ ಜಾಗದ ಬಲದಿಂದ. ಕೀಲಿಮಣೆಯ ಕೆಳಗಿನ ಅಕ್ಷರಸಾಲಿನಲ್ಲಿ Z, X, C, V ಒಂದರ ಪಕ್ಕ ಒಂದಿವೆ. ಕತ್ತರಿಸುವ, ನಕಲಿಸುವ, ಅಂಟಿಸುವ ಕೆಲಸಗಳನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರಲ್ಲಿ ಲ್ಯಾರಿ ಟೆಸ್ಲರ್ ಪ್ರಮುಖರು. ಅವರು 1980ರಲ್ಲಿ ಆ್ಯಪಲ್ ಸೇರಿದರು. ಆ ಕಂಪನಿಯ ಲಿಸಾ ಕಂಪ್ಯೂಟರ್ 1983ರಲ್ಲಿ, ಮ್ಯಾಕಿಂಟಾಷ್ 1984ರಲ್ಲಿ ಬಂದವು. ಪದೇ ಪದೇ ಬೇಕಾಗುವ ಈ ಮೂರು ಕೆಲಸಗಳಿಗೂ ಅನ್‌ಡೂಗೂ ಅಕ್ಕಪಕ್ಕದ ನಾಲ್ಕು ಕೀಲಿಗಳನ್ನು ಕೊಟ್ಟದ್ದು ಆ ಕಂಪ್ಯೂಟರುಗಳ ಕಾಲದಲ್ಲಿ. ಬಲಗೈ ಮೌಸ್ ಮೇಲಿರುವಾಗ ಎಡಗೈಯೊಂದೇ ಇವನ್ನೆಲ್ಲ ನಿಭಾಯಿಸಬಲ್ಲದು. ವಿಂಡೋಸ್‌ನಲ್ಲಿ ಮೊದಲು ಅನ್‌ಡೂಗೆ ಇದ್ದದ್ದು Alt ಮತ್ತು Backspace ಜೋಡಿ. 1992ರ ವಿಂಡೋಸ್ 3.1ರ ಹೊತ್ತಿಗೆ Ctrl+Z ಅಲ್ಲಿಯೂ ರೂಢಿಗೆ ಬಂತು. ಟೆಸ್ಲರ್ 2020ರಲ್ಲಿ ತೀರಿಕೊಂಡರು.

ಅನ್‌ಡೂ ಒಳಗೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅದರ ಶಕ್ತಿಯೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ. ಕಡತವೊಂದನ್ನು ತೆರೆದ ಕ್ಷಣದಿಂದ ತಂತ್ರಾಂಶವು ಬಳಕೆದಾರರು ಮಾಡಿದ ಪ್ರತಿ ಬದಲಾವಣೆಯನ್ನೂ ಸಾಲಾಗಿ ನೆನಪಿಟ್ಟುಕೊಳ್ಳುತ್ತದೆ: ಇಲ್ಲಿ ಇಷ್ಟು ಬರೆದರು, ಇಲ್ಲಿ ಈ ಸಾಲನ್ನು ಅಳಿಸಿದರು, ಇದನ್ನು ದಪ್ಪಕ್ಷರ ಮಾಡಿದರು, ಹೀಗೆ. Ctrl+Z ಒತ್ತಿದಾಗ ಆ ಸಾಲಿನ ಕೊನೆಯ ಬದಲಾವಣೆ ಬಿಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಒತ್ತಿದರೆ ಅದರ ಹಿಂದಿನದು. ಹೂ ಕಟ್ಟುವಾಗ ನಡುವಿನ ಗಂಟೊಂದು ತಪ್ಪಿದ್ದರೆ ಕೊನೆಯ ಗಂಟಿನಿಂದಲೇ ಬಿಚ್ಚುತ್ತ ಬರಬೇಕಾಗುವಂತೆ, ಇಲ್ಲಿಯೂ ನಡುವಿನ ಒಂದನ್ನು ಮಾತ್ರ ಬಿಚ್ಚಲು ಬರುವುದಿಲ್ಲ. ಅರ್ಧ ಗಂಟೆಯ ಹಿಂದೆ ಅಳಿಸಿದ ಸಾಲು ಬೇಕೆಂದರೆ ಆಮೇಲೆ ಬರೆದದ್ದೆಲ್ಲವೂ ಬಿಚ್ಚಿಹೋಗುತ್ತದೆ. ಹಾಗಾಗಿ ತಪ್ಪು ಕಂಡ ತಕ್ಷಣ, ಮುಂದಿನ ಅಕ್ಷರ ಬರೆಯುವ ಮೊದಲೇ ಅನ್‌ಡೂ ಮಾಡುವುದು ಜಾಣತನ.

ಒಂದು ಸಲದ ಅನ್‌ಡೂ ಎಷ್ಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ ಎಂಬುದು ತಂತ್ರಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ನಿಲ್ಲಿಸದೆ ಟೈಪ್ ಮಾಡಿದ ಪದಗಳನ್ನು ಅನೇಕ ತಂತ್ರಾಂಶಗಳು ಒಂದೇ ಹೆಜ್ಜೆಯಾಗಿ ಎಣಿಸುತ್ತವೆ. ಒಂದು ಅಕ್ಷರ ತಪ್ಪಾಯಿತೆಂದು Ctrl+Z ಒತ್ತಿದವರಿಗೆ ಇಡೀ ವಾಕ್ಯವೇ ಕಾಣೆಯಾಗಿ ಗಾಬರಿಯಾಗುವುದು ಇದರಿಂದಲೇ. ಒಂದೆರಡು ಅಕ್ಷರದ ತಪ್ಪಿಗೆ Backspace ಸಾಕು. ಕನ್ನಡದಲ್ಲಿ ಅದು ಅಕ್ಷರವನ್ನು ಭಾಗಭಾಗವಾಗಿ ಅಳಿಸುತ್ತದೆ: ‘ಸ್ತ್ರೀ’ ಎಂದು ಬರೆದು Backspace ಒತ್ತಿದರೆ ಸಾಮಾನ್ಯವಾಗಿ ಮೊದಲು ಈಕಾರದ ಗುರುತು ಹೋಗುತ್ತದೆ, ಆಮೇಲೆ ಒತ್ತಕ್ಷರಗಳು ಒಂದೊಂದಾಗಿ ಕಳಚುತ್ತವೆ. ದೊಡ್ಡ ಭಾಗ ಅಳಿಸಿಹೋದಾಗ, ಬೇಡದ ಕಡೆ ಏನೋ ಅಂಟಿಕೊಂಡಾಗ, ಪುಟದ ಅಂದವೇ ಕೆಟ್ಟು ಏನಾಯಿತೆಂದು ತಿಳಿಯದಾದಾಗ ಅನ್‌ಡೂ ಬೇಕು. ಏನಾಯಿತೆಂದು ತಿಳಿಯದಿದ್ದರೂ ಅನ್‌ಡೂ ಕೆಲಸ ಮಾಡುತ್ತದೆ ಎಂಬುದೇ ಹೊಸಬರ ಮಟ್ಟಿಗೆ ಅದರ ದೊಡ್ಡ ಗುಣ. ತಪ್ಪಿನ ಹೆಸರು ಗೊತ್ತಿರಬೇಕಾಗಿಲ್ಲ, ಅದು ಕೊನೆಯದಾಗಿದ್ದರೆ ಸಾಕು.

ಇನ್ನು ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದನ್ನು ಪರದೆಯೇ ತೋರಿಸುತ್ತದೆ. ವರ್ಡ್‌ನಲ್ಲಿ ಎಡಕ್ಕೆ ಬಾಗಿದ ಬಾಣದ ಚಿತ್ರ ಅನ್‌ಡೂ, ಬಲಕ್ಕೆ ಬಾಗಿದ್ದು ರೀಡೂ. ಎಡಬಾಣ ಮಸುಕಾಗಿದ್ದರೆ ಹಿಂದೆ ಹೋಗಲು ಇನ್ನೇನೂ ಉಳಿದಿಲ್ಲ ಎಂದು ತಿಳಿಯಬೇಕು. ಅದರ ಪಕ್ಕದ ಸಣ್ಣ ಗುರುತನ್ನು ಒತ್ತಿದರೆ ಈವರೆಗಿನ ಹೆಜ್ಜೆಗಳ ಪಟ್ಟಿ ತೆರೆಯುತ್ತದೆ; ಪಟ್ಟಿಯಲ್ಲಿ ಐದನೆಯದನ್ನು ಒತ್ತಿದರೆ ಐದೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ಗೆ ಮಾತ್ರ ಒಂದೇ ಹೆಜ್ಜೆಯ ನೆನಪಿತ್ತು. ಅದರಲ್ಲಿ Ctrl+Z ಎರಡನೇ ಸಲ ಒತ್ತಿದರೆ ರದ್ದಾದದ್ದೇ ಮರಳಿ ಬರುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವವರು ಇದನ್ನು ಕಂಡರೆ ಕೀಲಿ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ವಿಂಡೋಸ್ 11ರ ಹೊಸ ನೋಟ್‌ಪ್ಯಾಡ್ ಅನೇಕ ಹೆಜ್ಜೆ ಹಿಂದೆ ಹೋಗುತ್ತದೆ.

ಈ ನೆನಪು ಕಡತ ತೆರೆದಿರುವಷ್ಟು ಹೊತ್ತು ಮಾತ್ರ. ಕಡತವನ್ನು ಮುಚ್ಚಿ ಮತ್ತೆ ತೆರೆದರೆ ಹಳೆಯ ಹೆಜ್ಜೆಗಳ ಪಟ್ಟಿ ಖಾಲಿ. ಸೇವ್ ಮಾಡುವುದರಿಂದ ಪಟ್ಟಿ ಅಳಿಯುವುದಿಲ್ಲ: ವರ್ಡ್‌ನಲ್ಲಿ ಸೇವ್ ಮಾಡಿದ ಮೇಲೂ, ಕಡತ ಮುಚ್ಚದಿದ್ದರೆ, ಸೇವ್‌ಗಿಂತ ಹಿಂದಿನ ಸ್ಥಿತಿಗೂ ಹೋಗಬಹುದು. ಆದರೆ ಸೇವ್ ಮಾಡಿದ್ದನ್ನೇ ಅನ್‌ಡೂ ಮಾಡಲಾಗದು. ಮುದ್ರಿಸಿದ ಕಾಗದವನ್ನು, ಕಳುಹಿಸಿಬಿಟ್ಟ ಇಮೇಲನ್ನು Ctrl+Z ಹಿಂದಕ್ಕೆ ಕರೆಯಲಾರದು. ಬ್ರೌಸರಿನಲ್ಲಿ ಕೈತಪ್ಪಿ ಮುಚ್ಚಿದ ಟ್ಯಾಬ್ ಕೂಡ ಇದಕ್ಕೆ ಸಿಗುವುದಿಲ್ಲ. ಅದಕ್ಕೆ Ctrl+Shift+T ಎಂಬ ಬೇರೆ ಕೀಲಿಗಳಿವೆ. ಆನ್‌ಲೈನ್ ಅರ್ಜಿ ತುಂಬುವಾಗ ಅನ್‌ಡೂ ಕರ್ಸರ್ ಇರುವ ಖಾನೆಯೊಳಗಿನ ಬರಹಕ್ಕೆ ಸಹಾಯವಾಗುತ್ತದೆ. ಪುಟವೇ ಮರುಲೋಡ್ ಆಗಿ ಖಾನೆಗಳು ಖಾಲಿಯಾದರೆ ಅದರಿಂದ ಪ್ರಯೋಜನವಿಲ್ಲ.

ರೀಡೂ ಅನ್‌ಡೂವಿನ ಬೆನ್ನಿಗೇ ಇರುವ ಕೀಲಿ. ಹಿಂದೆ ಹೋಗುವ ಭರದಲ್ಲಿ ನಾಲ್ಕು ಹೆಜ್ಜೆಯ ಬದಲು ಆರು ಹೆಜ್ಜೆ ಹೋಗಿದ್ದರೆ Ctrl+Y ಎರಡು ಸಲ ಒತ್ತಿ ಮುಂದಕ್ಕೆ ಬರಬಹುದು. ಕೆಲವು ತಂತ್ರಾಂಶಗಳಲ್ಲಿ, ಮುಖ್ಯವಾಗಿ ಚಿತ್ರ ರಚಿಸುವವುಗಳಲ್ಲಿ, ಇದಕ್ಕೆ Ctrl+Shift+Z ಇರುತ್ತದೆ. ಮ್ಯಾಕ್‌ನಲ್ಲಿಯೂ ರೂಢಿ ಇದೇ, ಕಮಾಂಡ್ ಮತ್ತು Shift ಜೊತೆಗೆ Z. ಒಂದು ನಡೆಯದಿದ್ದರೆ ಇನ್ನೊಂದನ್ನು ಒತ್ತಿ ನೋಡಬಹುದು.

ಆದರೆ ರೀಡೂ ಬಹಳ ನಾಜೂಕು. ಅನ್‌ಡೂ ಮಾಡಿದ ಮೇಲೆ ಹೊಸದಾಗಿ ಒಂದೇ ಒಂದು ಅಕ್ಷರ ಬರೆದರೂ ಸಾಕು, ಮುಂದೆ ಹೋಗಬೇಕಿದ್ದ ಹೆಜ್ಜೆಗಳೆಲ್ಲ ಆ ಕ್ಷಣದಲ್ಲೇ ಅಳಿದುಹೋಗುತ್ತವೆ. ಹೊಸ ಬರಹ ಬಂದಮೇಲೆ ಹಳೆಯ ಮುಂದಿನ ಹೆಜ್ಜೆಗಳನ್ನು ಎಲ್ಲಿಗೆ ಜೋಡಿಸಬೇಕು ಎಂಬುದು ತಂತ್ರಾಂಶಕ್ಕೆ ತಿಳಿಯದು, ಹಾಗಾಗಿ ಅದು ಅವನ್ನು ಕೈಬಿಡುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ ಹಳೆಯ ಸಾಲೊಂದನ್ನು ಓದಿ ನೋಡಿ ಮತ್ತೆ ಮುಂದೆ ಬರುವ ಯೋಚನೆ ಇದ್ದರೆ, ಅಷ್ಟು ಹೊತ್ತು ಅಕ್ಷರದ ಕೀಲಿ, ಸ್ಪೇಸ್, ಎಂಟರ್ ಯಾವುದನ್ನೂ ಮುಟ್ಟಬಾರದು. ಹಳೆಯ ಸಾಲನ್ನು Ctrl+C ಒತ್ತಿ ನಕಲು ಮಾಡಿಕೊಳ್ಳಬಹುದು, ನಕಲು ಮಾಡುವುದು ಕಡತವನ್ನು ಬದಲಿಸುವುದಿಲ್ಲ. ಆಮೇಲೆ Ctrl+Y ಒತ್ತುತ್ತ ಇದ್ದಲ್ಲಿಗೆ ಮರಳಿ, ನಕಲನ್ನು Ctrl+V ಇಂದ ಬೇಕಾದಲ್ಲಿ ಅಂಟಿಸಬಹುದು. ನಡುವಿನ ಒಂದನ್ನು ಮಾತ್ರ ಮರಳಿ ಪಡೆಯಲಾಗದು ಎಂಬ ಅನ್‌ಡೂವಿನ ಕೊರತೆಯನ್ನು ತುಂಬುವ ಉಪಾಯವಿದು. ವರ್ಡ್ ಮತ್ತು ಎಕ್ಸೆಲ್‌ಗಳಲ್ಲಿ ಇನ್ನೊಂದು ವಿಶೇಷವಿದೆ. ಮುಂದಕ್ಕೆ ತರಲು ಏನೂ ಇಲ್ಲದಾಗ Ctrl+Y ಒತ್ತಿದರೆ ಕೊನೆಯ ಕೆಲಸ ಇನ್ನೊಮ್ಮೆ ನಡೆಯುತ್ತದೆ. ಈಗಷ್ಟೇ ಬರೆದ ಪದ ಎರಡೆರಡು ಸಲ ಬಂದರೆ ಕಾರಣ ಇದು, Ctrl+Z ಒತ್ತಿದರೆ ಹೋಗುತ್ತದೆ.

ನಾಲ್ಕರಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು Ctrl+A. ಅದು ತಾನಾಗಿ ಏನನ್ನೂ ಬದಲಿಸುವುದಿಲ್ಲ, ಕಡತದ ಬರಹವನ್ನೆಲ್ಲ ಆಯ್ಕೆ ಮಾಡುತ್ತದೆ ಅಷ್ಟೆ. ಆಯ್ಕೆಯಾದ ಭಾಗದ ಹಿನ್ನೆಲೆ ಬೂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅಪಾಯ ಇರುವುದು ಮುಂದಿನ ಕೀಲಿಯಲ್ಲಿ. ಆಯ್ಕೆಯಾದ ಬರಹವಿರುವಾಗ ಯಾವ ಅಕ್ಷರ ಒತ್ತಿದರೂ ಆ ಬರಹವೆಲ್ಲ ಹೋಗಿ ಅದರ ಜಾಗದಲ್ಲಿ ಆ ಒಂದು ಅಕ್ಷರ ನಿಲ್ಲುತ್ತದೆ.

ಒಂದು ಸಂದರ್ಭವನ್ನು ಹೆಜ್ಜೆಹೆಜ್ಜೆಯಾಗಿ ನೋಡಬಹುದು. ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಚೇರಿಯಲ್ಲಿ ಹೊಸದಾಗಿ ಕಂಪ್ಯೂಟರ್ ಕಲಿಯುತ್ತಿರುವ ಗುಮಾಸ್ತರು ನಾಲ್ಕು ಪುಟದ ವಾರ್ಷಿಕ ವರದಿಯನ್ನು ವರ್ಡ್‌ನಲ್ಲಿ ಬರೆದು ಸೇವ್ ಮಾಡಿದ್ದಾರೆ ಎಂದುಕೊಳ್ಳೋಣ. ಅಕ್ಷರದ ಗಾತ್ರ 12 ಇದ್ದದ್ದನ್ನು 14 ಮಾಡಬೇಕು. ಅವರು Ctrl+A ಒತ್ತಿ, ಮೇಲಿನ ಪಟ್ಟಿಯಲ್ಲಿ 14 ಆರಿಸುತ್ತಾರೆ. ವರದಿಯೆಲ್ಲ ದೊಡ್ಡದಾಗುತ್ತದೆ, ಆದರೆ ಆಯ್ಕೆ ಹಾಗೇ ಉಳಿದಿರುತ್ತದೆ. ಮುಂದಿನ ಸಾಲನ್ನು ಕನ್ನಡದಲ್ಲಿ ಬರೆಯಬೇಕೆಂದು ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಲು ಹೋಗುತ್ತಾರೆ. ವಿಂಡೋಸ್ ಕೀಲಿ ಸರಿಯಾಗಿ ತಾಗದೆ ಸ್ಪೇಸ್ ಮಾತ್ರ ಬೀಳುತ್ತದೆ. ನಾಲ್ಕೂ ಪುಟ ಹೋಗಿ ಬಿಳಿ ಪುಟದಲ್ಲಿ ಕರ್ಸರ್ ಮಿನುಗುತ್ತಿರುತ್ತದೆ.

ಈಗ ಮಾಡಬೇಕಾದ್ದು ಒಂದೇ: ಬೇರೇನನ್ನೂ ಒತ್ತದೆ Ctrl+Z. ವರದಿ ಪೂರ್ತಿ ಮರಳಿ ಬರುತ್ತದೆ, ಅಕ್ಷರದ ಗಾತ್ರ 14 ಇದ್ದಂತೆಯೇ ಇರುತ್ತದೆ, ಏಕೆಂದರೆ ಗಾತ್ರ ಬದಲಿಸಿದ್ದು ಅದಕ್ಕೂ ಹಿಂದಿನ ಹೆಜ್ಜೆ. ಆದರೆ ಮರಳಿ ಬಂದ ಬರಹ ಮತ್ತೆ ಆಯ್ಕೆಯಾದ ಸ್ಥಿತಿಯಲ್ಲೇ ಇರಬಹುದು. ಆಗ ಇನ್ನೊಂದು ಅಕ್ಷರ ಬಿದ್ದರೆ ಪುನಃ ಅದೇ ಕಥೆ. ಆದ್ದರಿಂದ ಬಲಬಾಣದ ಕೀಲಿಯನ್ನು ಒಮ್ಮೆ ಒತ್ತಿ, ಇಲ್ಲವೇ ಪುಟದ ಮೇಲೆ ಮೌಸಿನಿಂದ ಒಮ್ಮೆ ಕ್ಲಿಕ್ಕಿಸಿ ಆಯ್ಕೆಯನ್ನು ಬಿಡಿಸಬೇಕು. ಬಣ್ಣದ ಹಿನ್ನೆಲೆ ಹೋದರೆ ಆಯ್ಕೆ ಬಿಟ್ಟಿತೆಂದು ಅರ್ಥ. Ctrl+A ಒತ್ತಿ ಕೆಲಸ ಮುಗಿದ ಕೂಡಲೇ ಬಾಣದ ಕೀಲಿ ಒತ್ತುವುದನ್ನು ಕೈಗೆ ಅಭ್ಯಾಸ ಮಾಡಿಸಿದರೆ ಇಂಥ ಪ್ರಸಂಗವೇ ಬರುವುದಿಲ್ಲ.

ಗುಮಾಸ್ತರು ಗಾಬರಿಯಲ್ಲಿ ಕಡತವನ್ನೇ ಮುಚ್ಚಲು ಹೊರಟರೆ ವರ್ಡ್ ಬದಲಾವಣೆಗಳನ್ನು ಸೇವ್ ಮಾಡಬೇಕೇ ಎಂದು ಕೇಳುತ್ತದೆ. ಬೇಡ ಎಂದರೆ ಡಿಸ್ಕಿನಲ್ಲಿ ಹಿಂದೆ ಸೇವ್ ಆಗಿದ್ದ ನಾಲ್ಕು ಪುಟದ ವರದಿ ಹಾಗೇ ಉಳಿಯುತ್ತದೆ, ಗಾತ್ರದ ಬದಲಾವಣೆಯಷ್ಟೇ ನಷ್ಟ. ಬೇಕು ಎಂದು ಒತ್ತಿದರೆ ಖಾಲಿ ಪುಟವೇ ವರದಿಯ ಮೇಲೆ ಸೇವ್ ಆಗುತ್ತದೆ, ಮುಚ್ಚಿದ ಮೇಲೆ ಅನ್‌ಡೂ ಕೂಡ ಇರುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲಿ, ಮತ್ತು ಒನ್‌ಡ್ರೈವ್‌ನಲ್ಲಿ ಇಟ್ಟ ವರ್ಡ್ ಕಡತದಲ್ಲಿ, ಸೇವ್ ತಾನಾಗಿ ನಡೆಯುತ್ತಿರುವುದರಿಂದ ಈ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಕಡತದ ಹಳೆಯ ಆವೃತ್ತಿಗಳು ಉಳಿದಿರುತ್ತವೆ, ವರ್ಷನ್ ಹಿಸ್ಟರಿ ಎಂಬಲ್ಲಿ ಹೋಗಿ ಖಾಲಿಯಾಗುವ ಮೊದಲಿನದನ್ನು ಮರಳಿ ಪಡೆಯಬಹುದು. ಕಂಪ್ಯೂಟರಿನಲ್ಲಷ್ಟೇ ಇಟ್ಟ ಸಾಧಾರಣ ಕಡತಕ್ಕೆ ಈ ಭದ್ರತೆಯನ್ನು ನಂಬಿ ಕೂರಲಾಗದು.

‘ಎಲ್ಲ’ ಎಂಬುದರ ವ್ಯಾಪ್ತಿ ಕರ್ಸರ್ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ವರ್ಡ್‌ನಲ್ಲಿ ಪುಟದ ನಡುವೆ ನಿಂತು Ctrl+A ಒತ್ತಿದರೆ ಮುಖ್ಯ ಬರಹ ಮಾತ್ರ ಆಯ್ಕೆಯಾಗುತ್ತದೆ. ಪುಟದ ನೆತ್ತಿಯಲ್ಲಿರುವ ಸಂಘದ ಹೆಸರು, ಬುಡದಲ್ಲಿರುವ ಪುಟಸಂಖ್ಯೆ ಸೇರುವುದಿಲ್ಲ. ವರದಿಯ ಅಕ್ಷರ ದೊಡ್ಡದಾದರೂ ಪುಟಸಂಖ್ಯೆ ಚಿಕ್ಕದಾಗಿಯೇ ಉಳಿಯುವುದಕ್ಕೆ ಇದೇ ಕಾರಣ. ಬ್ರೌಸರಿನಲ್ಲಿ ಅರ್ಜಿಯ ಖಾನೆಯೊಳಗೆ ಕರ್ಸರ್ ಇದ್ದರೆ ಆ ಖಾನೆಯದಷ್ಟೇ ಆಯ್ಕೆ, ವಿಳಾಸದ ಪಟ್ಟಿಯಲ್ಲಿದ್ದರೆ ವಿಳಾಸ ಮಾತ್ರ, ಎಲ್ಲೂ ಇಲ್ಲದಿದ್ದರೆ ಇಡೀ ಪುಟ. ಎಕ್ಸೆಲ್‌ನಲ್ಲಿ ಲೆಕ್ಕದ ಕೋಷ್ಟಕದೊಳಗೆ ನಿಂತು ಒಮ್ಮೆ ಒತ್ತಿದರೆ ಆ ಕೋಷ್ಟಕ, ಇನ್ನೊಮ್ಮೆ ಒತ್ತಿದರೆ ಹಾಳೆ ಪೂರ್ತಿ. ಹಾಳೆ ಎಂದರೆ 10,48,576 ಅಡ್ಡಸಾಲು, 16,384 ಕಂಬಸಾಲು. ಅಷ್ಟಕ್ಕೂ ಗೆರೆ ಎಳೆಯುವ ಆದೇಶ ಕೊಟ್ಟರೆ, ಕೋಷ್ಟಕ ಮುಗಿದ ಮೇಲೂ ಖಾಲಿ ಚೌಕಗಳು ಕಣ್ಣು ಹರಿದಷ್ಟು ದೂರ ಸಾಗುತ್ತವೆ. ಆದ್ದರಿಂದ ಕೋಷ್ಟಕಕ್ಕೆ Ctrl+A ಒಂದೇ ಸಲ ಒತ್ತಿ ನಿಲ್ಲಿಸಬೇಕು.

ಫೋಲ್ಡರಿನೊಳಗೆ Ctrl+A ಒತ್ತಿದರೆ ಅದರಲ್ಲಿರುವ ಎಲ್ಲ ಕಡತಗಳೂ ಆಯ್ಕೆಯಾಗುತ್ತವೆ. ಮದುವೆಯ ಫೋಟೊಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಲು ಇದು ಅನುಕೂಲ. ಕೈತಪ್ಪಿ Delete ಒತ್ತಿದರೂ ತಕ್ಷಣ Ctrl+Z ಒತ್ತಿದರೆ ರೀಸೈಕಲ್ ಬಿನ್‌ಗೆ ಹೋದ ಫೋಟೊಗಳು ಮರಳಿ ಬರುತ್ತವೆ. ಮುಖ್ಯವಾಗಿ ಎರಡು ಸಂದರ್ಭದಲ್ಲಿ ಬರುವುದಿಲ್ಲ. Shift ಹಿಡಿದು Delete ಒತ್ತಿದ್ದರೆ ಕಡತ ಬಿನ್‌ಗೆ ಹೋಗದೆ ನೇರವಾಗಿ ಅಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿದ್ದ ಕಡತವನ್ನು ಅಳಿಸಿದರೂ ಅದೇ ಗತಿ. ಈ ಎರಡೂ ಕಡೆ ಶಾಶ್ವತವಾಗಿ ಅಳಿಸಬೇಕೇ ಎಂದು ವಿಂಡೋಸ್ ಕೇಳುತ್ತದೆ. ಆ ಪ್ರಶ್ನೆಯನ್ನು ಓದದೆ ಎಂಟರ್ ಒತ್ತಬಾರದು.

Ctrl+F ಹುಡುಕುವ ಕೀಲಿ. ಒತ್ತಿದೊಡನೆ ಒಂದು ಚಿಕ್ಕ ಖಾನೆ ತೆರೆಯುತ್ತದೆ: ಬ್ರೌಸರಿನಲ್ಲಿ ಸಾಮಾನ್ಯವಾಗಿ ಪರದೆಯ ಮೇಲ್ಭಾಗದ ಅಥವಾ ಕೆಳಭಾಗದ ಮೂಲೆಯಲ್ಲಿ, ವರ್ಡ್‌ನಲ್ಲಿ ಎಡಬದಿಯ ಪಟ್ಟಿಯಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಕೆಳಗೆ. ಅದರಲ್ಲಿ ಪದ ಬರೆದರೆ ಅದು ಬಂದ ಜಾಗಗಳಿಗೆ ಬಣ್ಣ ಹತ್ತುತ್ತದೆ, ಎಷ್ಟು ಕಡೆ ಇದೆ ಎಂಬ ಸಂಖ್ಯೆಯೂ ಅನೇಕ ಕಡೆ ಕಾಣುತ್ತದೆ. ಎಂಟರ್ ಒತ್ತಿದಂತೆ ಮುಂದಿನ ಜಾಗಕ್ಕೆ ಹೋಗಬಹುದು, Esc ಒತ್ತಿದರೆ ಖಾನೆ ಮುಚ್ಚುತ್ತದೆ. ಇದು ತೆರೆದಿರುವ ಕಡತ ಅಥವಾ ಪುಟದೊಳಗೆ ಮಾತ್ರ ಹುಡುಕುತ್ತದೆ. ಅಂತರ್ಜಾಲದಲ್ಲಿ ಹುಡುಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡದ ಬರಹದಲ್ಲಿ ಹುಡುಕುವವರು ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ಕಂಪ್ಯೂಟರಿಗೆ ಪದದ ಅರ್ಥವಾಗಲಿ ವಿಭಕ್ತಿಯಾಗಲಿ ಗೊತ್ತಿಲ್ಲ, ಕೊಟ್ಟ ಅಕ್ಷರಗಳು ಅದೇ ಕ್ರಮದಲ್ಲಿ ಎಲ್ಲಿವೆ ಎಂದಷ್ಟೇ ಅದು ನೋಡುತ್ತದೆ. ವರದಿಯಲ್ಲಿ ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’, ‘ಬೆಂಗಳೂರಿಗೆ’ ಸಿಗುವುದಿಲ್ಲ. ಅಲ್ಲಿ ‘ರು’ ಹೋಗಿ ‘ರಿ’ ಬಂದಿದೆ. ಬದಲಾಗುವ ಕೊನೆಯ ಅಕ್ಷರವನ್ನು ಬಿಟ್ಟು ‘ಬೆಂಗಳೂ’ ಎಂದು ಹುಡುಕಿದರೆ ಎಲ್ಲ ರೂಪಗಳೂ ಸಿಗುತ್ತವೆ. ‘ಸಂಘ’ ಎಂದು ಹುಡುಕಿದರೆ ‘ಸಂಘದ’, ‘ಸಂಘಕ್ಕೆ’, ‘ಸಂಘವು’ ತೊಂದರೆಯಿಲ್ಲದೆ ಬರುತ್ತವೆ, ಏಕೆಂದರೆ ‘ಘ’ ಬದಲಾಗಿಲ್ಲ. ಎರಡೇ ಅಕ್ಷರದ ‘ಹಾಲು’ ಕಷ್ಟದ ಪದ. ಕೊನೆಯದನ್ನು ಬಿಟ್ಟು ‘ಹಾ’ ಎಂದರೆ ಹಾಗಲ, ಹಾದಿ, ಹಾಸಿಗೆ ಎಲ್ಲವೂ ಬಂದುಬಿಡುತ್ತವೆ. ಆದ್ದರಿಂದ ‘ಹಾಲು’ ಒಮ್ಮೆ, ‘ಹಾಲಿ’ ಒಮ್ಮೆ ಹುಡುಕಬೇಕು. ಎರಡನೆಯದರಲ್ಲಿ ‘ಹಾಲಿನ’, ‘ಹಾಲಿಗೆ’ ಜೊತೆಗೆ ‘ಹಾಲಿ ಅಧ್ಯಕ್ಷರು’ ಕೂಡ ಸಿಗುತ್ತಾರೆ, ಅವರನ್ನು ದಾಟಿ ಮುಂದೆ ಹೋಗಬೇಕು.

ಇದ್ದ ಪದ ಸಿಗದಿರುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಗುರುತೊಂದು ಸೇರಿರುತ್ತದೆ. ಹುಡುಕುವಾಗ ಆ ಗುರುತಿಲ್ಲದೆ ಬರೆದರೆ ಕೆಲವು ತಂತ್ರಾಂಶಗಳಿಗೆ ಅದು ಬೇರೆ ಪದ. ‘೨೦೨೪’ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದು 2024 ಎಂದು ಹುಡುಕಿದರೆ ಸಿಗದಿರಬಹುದು. ಸಂದೇಹವಿದ್ದಾಗ ಕಡತದಲ್ಲಿ ಕಣ್ಣಿಗೆ ಕಂಡ ಪದವನ್ನೇ ನಕಲು ಮಾಡಿ ಹುಡುಕುವ ಖಾನೆಯಲ್ಲಿ ಅಂಟಿಸುವುದು ಸರಿಯಾದ ದಾರಿ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳ ಸಮಸ್ಯೆ ಇದಕ್ಕಿಂತ ಆಳದ್ದು. ಅವುಗಳಲ್ಲಿ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಮೇಲೆ ಕಾಣುವ ರೂಪ ಮಾತ್ರ ಕನ್ನಡ. ಯುನಿಕೋಡ್ ಕನ್ನಡದಲ್ಲಿ ಬರೆದು ಹುಡುಕಿದರೆ ಅಲ್ಲಿ ಒಂದು ಪದವೂ ಸಿಗದು. ಅಂಥ ಕಡತದ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಗುಟ್ಟು ತಿಳಿಯುತ್ತದೆ. ಮೊದಲು ಅದನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡು ಆಮೇಲೆ ಹುಡುಕಬೇಕು.

ಹುಡುಕುವುದರ ಜೊತೆಗೇ ಬದಲಿಸುವ ಕೀಲಿಯೂ ಇದೆ. ವರ್ಡ್, ಎಕ್ಸೆಲ್, ನೋಟ್‌ಪ್ಯಾಡ್, ಲಿಬ್ರೆ ಆಫೀಸ್‌ಗಳಲ್ಲಿ ಅದು Ctrl+H. ಮೇಲಿನ ಖಾನೆಯಲ್ಲಿ ಹಳೆಯ ಪದ, ಕೆಳಗಿನದರಲ್ಲಿ ಹೊಸದು. ಕಳೆದ ವರ್ಷದ ವರದಿಯನ್ನೇ ತಿದ್ದಿ ಬಳಸುವಾಗ 2023-24 ಇದ್ದಲ್ಲೆಲ್ಲ 2024-25 ಮಾಡಲು ಇದು ಬಹಳ ಉಪಯುಕ್ತ. ಎಲ್ಲವನ್ನೂ ಬದಲಿಸು ಎಂಬ ಗುಂಡಿಯನ್ನು ಮಾತ್ರ ಯೋಚಿಸಿ ಒತ್ತಬೇಕು. ವರದಿಯಲ್ಲಿ ‘ರಾಮ’ ಎಂದಿದ್ದ ಸದಸ್ಯರ ಹೆಸರನ್ನು ‘ರಾಮಣ್ಣ’ ಮಾಡಹೊರಟರೆ ರಾಮನಗರ ‘ರಾಮಣ್ಣನಗರ’ ಆಗುತ್ತದೆ, ರಾಮಪ್ಪನವರು ‘ರಾಮಣ್ಣಪ್ಪ’ನವರಾಗುತ್ತಾರೆ. ಬದಲಾವಣೆ ಮುಗಿದ ಮೇಲೆ ಎಷ್ಟು ಕಡೆ ಬದಲಾಯಿತು ಎಂದು ವರ್ಡ್ ತಿಳಿಸುತ್ತದೆ. ಐದು ಕಡೆ ಬದಲಾಗಬೇಕಿದ್ದದ್ದು ಹದಿನೇಳು ಕಡೆ ಆಗಿದ್ದರೆ ಎಲ್ಲೋ ತಪ್ಪಿದೆ. Ctrl+Z ಒಮ್ಮೆ ಒತ್ತಿದರೆ ಹದಿನೇಳೂ ಹಳೆಯ ರೂಪಕ್ಕೆ ಬರುತ್ತವೆ. ಆಮೇಲೆ ಒಂದೊಂದನ್ನೇ ನೋಡಿ ಬದಲಿಸಬಹುದು. ಬ್ರೌಸರಿನಲ್ಲಿ Ctrl+H ಒತ್ತಿದರೆ ಹಿಂದೆ ನೋಡಿದ ಪುಟಗಳ ಪಟ್ಟಿ ತೆರೆಯುತ್ತದೆ, ಬದಲಿಸುವ ಸೌಲಭ್ಯ ಅಲ್ಲಿಲ್ಲ.

ಹುಡುಕುವ ಕೀಲಿ ಪೂರ್ತಿ ಸೋಲುವ ಜಾಗವೊಂದಿದೆ: ಕಾಗದವನ್ನು ಸ್ಕ್ಯಾನ್ ಮಾಡಿ ತಯಾರಿಸಿದ ಪಿಡಿಎಫ್. ಸುತ್ತೋಲೆ, ಆದೇಶ, ಹಳೆಯ ದಾಖಲೆಗಳು ಅನೇಕ ಸಲ ಈ ರೂಪದಲ್ಲಿ ಕೈಗೆ ಬರುತ್ತವೆ. ಅಕ್ಷರಗಳು ಕಣ್ಣಿಗೆ ಸ್ಪಷ್ಟವಾಗಿದ್ದರೂ ಕಂಪ್ಯೂಟರಿಗೆ ಆ ಪುಟ ಬರಿಯ ಒಂದು ಚಿತ್ರ. ಇದನ್ನು ಗುರುತಿಸಲು Ctrl+A ಸಹಾಯಕ್ಕೆ ಬರುತ್ತದೆ. ಅದನ್ನು ಒತ್ತಿದಾಗ ಸಾಲುಸಾಲಾಗಿ ಬಣ್ಣ ಹತ್ತಿದರೆ ಒಳಗೆ ಬರಹವಿದೆ, Ctrl+F ಸಾಮಾನ್ಯವಾಗಿ ನಡೆಯುತ್ತದೆ. ಒಂದು ಸಾಲಿಗೂ ಬಣ್ಣ ಹತ್ತದಿದ್ದರೆ, ಇಲ್ಲವೇ ಪುಟವೇ ಒಂದು ಚೌಕವಾಗಿ ಬಣ್ಣಗೊಂಡರೆ, ಅದು ಚಿತ್ರ. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸುವ ಬೇರೆ ತಂತ್ರಾಂಶಕ್ಕೆ ಕೊಡದ ಹೊರತು, ಅಂಥ ದಾಖಲೆಯಲ್ಲಿ ಬೇಕಾದ ಹೆಸರನ್ನು ಪುಟ ತಿರುಗಿಸಿ ಕಣ್ಣಿನಿಂದಲೇ ಹುಡುಕಬೇಕು.